ಅರ್ಥ ಬಿಟ್ಟುಕೊಡದ ಅಕ್ಷರಗಳು



ಕುರ್‌ಆನಿನ ಕನ್ನಡ ಅನುವಾದವೊಂದನ್ನು ತೆಗೆದುಕೊಂಡು ಎರಡನೆಯ ಅಧ್ಯಾಯದ ಆರಂಭವನ್ನು ನೋಡಿ. ಅಲ್ಲಿ ‘ಅಲಿಫ್ ಲಾಮ್ ಮೀಮ್’ ಎಂದಿರುತ್ತದೆ. ಅನುವಾದಕರು ಇದನ್ನು ಕನ್ನಡಕ್ಕೆ ತರುವುದಿಲ್ಲ. ತರುವುದಾದರೂ ಹೇಗೆ? ಅರಬ್ಬಿಯಲ್ಲಿಯೂ ಇದು ಒಂದು ಪದವಲ್ಲ. ಬರೀ ಮೂರು ಅಕ್ಷರಗಳ ಹೆಸರು.

ಕುರ್‌ಆನಿನ 114 ಅಧ್ಯಾಯಗಳಲ್ಲಿ 29 ಹೀಗೆ ಬಿಡಿ ಅಕ್ಷರಗಳಿಂದ ತೊಡಗುತ್ತವೆ. ಕೆಲವೆಡೆ ಒಂದೇ ಅಕ್ಷರ, ಕೆಲವೆಡೆ ಐದು. ಅರಬ್ಬಿಯ 28 ಅಕ್ಷರಗಳಲ್ಲಿ ಸರಿಯಾಗಿ ಅರ್ಧ, ಅಂದರೆ 14 ಮಾತ್ರ ಇಲ್ಲಿ ಬಳಕೆಯಾಗಿವೆ. ಇವುಗಳಿಗೆ ‘ಮುಕತ್ತಆತ್’ ಎಂದು ಹೆಸರು, ಬಿಡಿಸಿಟ್ಟವು ಎಂದರ್ಥ.

ಇವುಗಳ ಓದಿನಲ್ಲೇ ಒಂದು ಸ್ವಾರಸ್ಯವಿದೆ. 105ನೆಯ ಅಧ್ಯಾಯವೂ ಅಲಿಫ್, ಲಾಮ್, ಮೀಮ್‌ಗಳಿಂದಲೇ ಶುರುವಾಗುತ್ತದೆ. ಆದರೆ ಅಲ್ಲಿ ಅದನ್ನು ‘ಅಲಮ್’ ಎಂದು ಕೂಡಿಸಿ ಓದುತ್ತಾರೆ. ‘ನೀನು ನೋಡಲಿಲ್ಲವೇ’ ಎಂಬ ಪ್ರಶ್ನೆಯ ಮೊದಲ ಪದ ಅದು. ಎರಡನೆಯ ಅಧ್ಯಾಯದಲ್ಲಾದರೋ ಒಂದೊಂದು ಅಕ್ಷರದ ಹೆಸರನ್ನೂ ಬೇರೆಯಾಗಿ ಹೇಳಿ, ಲಾಮ್ ಮತ್ತು ಮೀಮ್‌ಗಳನ್ನು ದೀರ್ಘವಾಗಿ ಎಳೆಯುತ್ತಾರೆ. ಸ್ವರಚಿಹ್ನೆಗಳಿಲ್ಲದ ಹಳೆಯ ಹಸ್ತಪ್ರತಿಗಳಲ್ಲಿ ಎರಡಕ್ಕೂ ಅಕ್ಷರ ಒಂದೇ. ವ್ಯತ್ಯಾಸವನ್ನು ಉಳಿಸಿಕೊಂಡು ಬಂದದ್ದು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿದ ಪಠಣ ಪರಂಪರೆ. ಅರ್ಥ ತಿಳಿಯದಿದ್ದರೂ ಓದು ಕೆಡಲಿಲ್ಲ.

ಹಾಗಾದರೆ ಅರ್ಥವೇನು? 923ರಲ್ಲಿ ತೀರಿಕೊಂಡ ವ್ಯಾಖ್ಯಾನಕಾರ ತಬರಿಯ ಕಾಲಕ್ಕಾಗಲೇ ಹತ್ತಾರು ಉತ್ತರಗಳಿದ್ದವು. ಆತ ಅವನ್ನು ಒಂದೆಡೆ ದಾಖಲಿಸಿದ್ದಾನೆ. ಅವು ಸಂಕ್ಷೇಪಗಳು ಎಂಬುದು ಒಂದು ಮತ. ಪ್ರವಾದಿಯವರ ಬಂಧು ಇಬ್ನ್ ಅಬ್ಬಾಸ್ ಹೆಸರಿನಲ್ಲಿ ಬಂದಿರುವ ವಿವರಣೆಯಂತೆ, ಅಲಿಫ್ ಲಾಮ್ ಮೀಮ್ ಎಂದರೆ ‘ನಾನು ಅಲ್ಲಾಹ್, ಎಲ್ಲವನ್ನೂ ಬಲ್ಲವನು’. ಇನ್ನೊಂದು ವಿವರಣೆಯಲ್ಲಿ ಅದೇ ಮೂರು ಅಕ್ಷರಗಳು ಅಲ್ಲಾಹ್, ಜಿಬ್ರೀಲ್, ಮುಹಮ್ಮದ್ ಎಂಬ ಹೆಸರುಗಳಾಗುತ್ತವೆ. ತೊಡಕು ಇರುವುದೇ ಇಲ್ಲಿ. ಒಂದು ಅಕ್ಷರಕ್ಕೆ ಯಾವ ಪದವನ್ನಾದರೂ ಹೊಂದಿಸಬಹುದು. ಇದೇ ಸರಿ ಎನ್ನಲು ಆಧಾರ ಸಿಗದು.

1144ರಲ್ಲಿ ತೀರಿಕೊಂಡ ಜಮಖ್ಶರಿ ಇನ್ನೊಂದು ವಾದವನ್ನು ವಿಸ್ತರಿಸಿದ. ‘ನೀವು ದಿನವೂ ಆಡುವ ಅಕ್ಷರಗಳಿಂದಲೇ ಈ ಗ್ರಂಥ ಆಗಿದೆ, ಸಾಧ್ಯವಾದರೆ ಇಂಥದ್ದನ್ನು ನೀವೂ ರಚಿಸಿ ನೋಡೋಣ’ ಎಂಬ ಸವಾಲು ಅದು ಎಂದು ಈ ವಾದ ಹೇಳುತ್ತದೆ. ಇದಕ್ಕೆ ಬೆಂಬಲವೂ ಇದೆ. 19, 29, 30ನೆಯ ಅಧ್ಯಾಯಗಳಂಥ ಕೆಲವನ್ನು ಬಿಟ್ಟರೆ, ಅಕ್ಷರಗಳ ಬೆನ್ನಿಗೇ ಗ್ರಂಥದ ಅಥವಾ ದೇವವಾಣಿಯ ಪ್ರಸ್ತಾಪ ಬರುತ್ತದೆ. ಆದರೆ ಈ ಅಧ್ಯಾಯಕ್ಕೆ ಈ ಅಕ್ಷರವೇ ಏಕೆ ಎಂಬ ಪ್ರಶ್ನೆಗೆ ಸವಾಲಿನ ವಾದದಲ್ಲಿ ಉತ್ತರವಿಲ್ಲ.

1860ರಲ್ಲಿ ಜರ್ಮನ್ ವಿದ್ವಾಂಸ ನೋಲ್ಡೆಕೆ ಬೇರೆಯೇ ಊಹೆ ಮಾಡಿದ. ಗ್ರಂಥವನ್ನು ಸಂಕಲಿಸುವಾಗ ಪ್ರತಿ ಒದಗಿಸಿದವರ ಹೆಸರಿನ ಮೊದಲಕ್ಷರಗಳು ಪಠ್ಯದೊಳಗೆ ಸೇರಿಹೋಗಿರಬೇಕು ಎಂದ. ಮುಂದೆ ತಾನೇ ಅದನ್ನು ಕೈಬಿಟ್ಟ. ಅಕ್ಷರಗಳಿಗೂ ಮುಂದಿನ ಸಾಲಿಗೂ ಇರುವ ನಂಟನ್ನು ನೋಡಿದರೆ, ಅವು ಅಕಸ್ಮಾತ್ತಾಗಿ ಉಳಿದುಬಿಟ್ಟ ಗುರುತುಗಳೆನ್ನುವುದು ಕಷ್ಟ.

ಗ್ರಂಥದ ಜೋಡಣೆಯೂ ಒಂದು ಸಾಕ್ಷ್ಯ ಕೊಡುತ್ತದೆ. ಕುರ್‌ಆನಿನ ಅಧ್ಯಾಯಗಳನ್ನು ಸ್ಥೂಲವಾಗಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವಂತೆ ಇಟ್ಟಿದ್ದಾರೆ. ಆದರೆ 10ರಿಂದ 15ರವರೆಗಿನ ಅಧ್ಯಾಯಗಳನ್ನು ನೋಡಿ. ಎಲ್ಲವೂ ‘ಅಲಿಫ್ ಲಾಮ್ ರಾ’ ಗುಂಪಿನವು. 13ರಲ್ಲಿ ಮಾತ್ರ ನಡುವೆ ಒಂದು ಮೀಮ್ ಹೆಚ್ಚು. ಇವುಗಳಲ್ಲಿ 13, 14, 15 ಚಿಕ್ಕವು. ನಂತರದ 16 ಅವಕ್ಕಿಂತ ಬಹಳ ದೊಡ್ಡದು. ಅಳತೆಯನ್ನಷ್ಟೇ ನೋಡಿದ್ದರೆ 16 ಮುಂಚೆ ಬರಬೇಕಿತ್ತು. ಹಾಗೆಯೇ ‘ಹಾ ಮೀಮ್’ನಿಂದ ತೊಡಗುವ ಏಳು ಅಧ್ಯಾಯಗಳು 40ರಿಂದ 46ರವರೆಗೆ ಸಾಲಾಗಿವೆ. ಎಂದರೆ, ಜೋಡಿಸಿದವರ ಕೈಗೆ ಬರುವಾಗಲೇ ಅಕ್ಷರಗಳು ಅಲ್ಲಿದ್ದಿರಬೇಕು. ಅವರು ಆ ಗುಂಪುಗಳನ್ನು ಒಡೆಯಲಿಲ್ಲ.

ಈಚಿನ ಉತ್ತರಗಳಲ್ಲಿ ಹೆಚ್ಚು ಸದ್ದು ಮಾಡಿದ್ದು ಅಂಕೆಯ ಲೆಕ್ಕ. ಅಮೆರಿಕದಲ್ಲಿದ್ದ ಈಜಿಪ್ಟ್ ಮೂಲದ ರಸಾಯನಶಾಸ್ತ್ರಜ್ಞ ರಶಾದ್ ಖಲೀಫಾ, 1970ರ ದಶಕದಲ್ಲಿ ಇದರ ಕೀಲಿಕೈ 19 ಎಂಬ ಸಂಖ್ಯೆ ಎಂದರು. ‘ಕಾಫ್’ನಿಂದ ತೊಡಗುವ 50ನೆಯ ಅಧ್ಯಾಯದಲ್ಲಿ ಆ ಅಕ್ಷರ 57 ಬಾರಿ ಬರುತ್ತದೆ, ಅದು 19ರ ಮೂರರಷ್ಟು. ಆದರೆ ‘ನೂನ್’ನಿಂದ ತೊಡಗುವ 68ನೆಯ ಅಧ್ಯಾಯಕ್ಕೆ ಬಂದಾಗ, 19ರ ಏಳರಷ್ಟಾದ 133 ಸಿಗಬೇಕಾದರೆ, ಮೊದಲಿಗೆ ಒಂದೇ ಅಕ್ಷರವಾಗಿರುವ ನೂನನ್ನು ಮೂರಕ್ಷರದ ಪದವಾಗಿ ಬಿಡಿಸಿ ಬರೆಯಬೇಕು. ಪ್ರಚಲಿತ ಪ್ರತಿಗಳಲ್ಲಿರುವಂತೆ ಎಣಿಸಿದರೆ ಒಂದು ಕಡಿಮೆಯಾಗುತ್ತದೆ. ಉತ್ತರವನ್ನು ಮೊದಲೇ ಇಟ್ಟುಕೊಂಡು ಎಣಿಸಿದರೆ ಹೀಗಾಗುತ್ತದೆ.

ಮದ್ರಸಾಗಳಲ್ಲಿ ಬಹಳವಾಗಿ ಓದುವ ‘ಜಲಾಲೈನ್’ ಎಂಬ ವ್ಯಾಖ್ಯಾನ ಪದಪದಕ್ಕೂ ಅರ್ಥ ಕೊಡುತ್ತ ಹೋಗುತ್ತದೆ. ಈ ಅಕ್ಷರಗಳಿಗೆ ಬಂದಾಗ, ಇದರ ಉದ್ದೇಶವನ್ನು ಅಲ್ಲಾಹನೇ ಬಲ್ಲ ಎಂದಷ್ಟೇ ಹೇಳಿ ಮುಂದಿನ ಸಾಲಿಗೆ ಸಾಗುತ್ತದೆ. ಇಷ್ಟು ಶತಮಾನಗಳ ಚರ್ಚೆಯ ನಂತರವೂ ಅದಕ್ಕಿಂತ ಗಟ್ಟಿಯಾದ ಉತ್ತರ ಯಾರ ಬಳಿಯೂ ಇಲ್ಲ.