ಮೊಸರು ಗಟ್ಟಿಯಾಗಲು ಬಿಸುಪು ಏಕೆ ಬೇಕು?

ಏಪ್ರಿಲ್ ತಿಂಗಳಲ್ಲಿ ರಾಯಚೂರಿನಲ್ಲಿ ಬೆಳಿಗ್ಗೆ ಹೆಪ್ಪು ಹಾಕಿದರೆ ಮಧ್ಯಾಹ್ನದ ಊಟಕ್ಕೆ ಮೊಸರು ಸಿದ್ಧ. ಡಿಸೆಂಬರಿನ ಮಡಿಕೇರಿಯಲ್ಲಿ ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗಾದರೂ ಹಾಲಾಗಿಯೇ ಉಳಿದಿರಬಹುದು. ಚಳಿಯಲ್ಲಿ ಹೆಪ್ಪಿಗೆ ಏನಾಗುತ್ತದೆ?

ಮೊದಲು ಹಾಲಿನೊಳಗೆ ಇಣುಕೋಣ. ಅದರಲ್ಲಿ ಕೇಸೀನ್ ಎಂಬ ಪ್ರೋಟೀನು ಪುಟ್ಟ ಪುಟ್ಟ ಉಂಡೆಗಳಾಗಿ ತೇಲುತ್ತಿರುತ್ತದೆ. ಇಂಥ ಐದಾರು ಸಾವಿರ ಉಂಡೆಗಳನ್ನು ಸಾಲಾಗಿ ಇಟ್ಟರೂ ಒಂದು ಮಿಲಿಮೀಟರ್ ಆದೀತು, ಅಷ್ಟೆ! ಎಲ್ಲ ಉಂಡೆಗಳ ಮೈಮೇಲೂ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಅದಕ್ಕೇ ಹಾಲು ತೆಳ್ಳಗೆ ಹರಿಯುತ್ತದೆ.

ಒಂದು ಚಮಚ ಹೆಪ್ಪಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಅವು ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತವೆ. ಮೊಸರಿನ ಹುಳಿ ಇದರದ್ದೇ. ಆಮ್ಲ ಹೆಚ್ಚಿದಂತೆ ಉಂಡೆಗಳ ವಿದ್ಯುದಂಶ ಕುಗ್ಗುತ್ತದೆ, ದೂರ ತಳ್ಳುವ ಬಲ ಕಡಿಮೆಯಾಗುತ್ತದೆ. ಆಗ ಉಂಡೆಗೆ ಉಂಡೆ ಅಂಟಿ ಸರಪಳಿಯಾಗಿ, ಸರಪಳಿಗಳು ಹೆಣೆದುಕೊಂಡು ಪಾತ್ರೆಯ ತುಂಬ ಬಲೆಯಾಗುತ್ತವೆ. ಹಾಲಿನ ನೀರು, ಕೊಬ್ಬು ಎಲ್ಲವೂ ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಅದೇ ಗಟ್ಟಿ ಮೊಸರು.

ಈ ಕೆಲಸದಲ್ಲಿ ಬಿಸುಪು ಎರಡು ಕಡೆ ನೆರವಾಗುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾಗಳು ಸುಮಾರು 30ರಿಂದ 42 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿ ಬೆಳೆಯುತ್ತವೆ. ಚಳಿಯಲ್ಲಿ ಅವು ಸಾಯುವುದಿಲ್ಲ, ಮಂದವಾಗುತ್ತವೆ. ಆಮ್ಲ ನಿಧಾನವಾಗಿ ಹುಟ್ಟುತ್ತದೆ. ಎರಡನೆಯದು ನನಗೆ ತುಂಬ ಇಷ್ಟವಾದ ಸಂಗತಿ: ಅಂಟಿಕೊಳ್ಳಲು ಪ್ರೋಟೀನಿಗೂ ಬಿಸುಪು ಬೇಕು. 4 ಡಿಗ್ರಿಗೆ ತಣಿಸಿದ ಹಾಲಿಗೆ, ತಣ್ಣಗಿರುವಾಗಲೇ ಮೊಸರಿನಷ್ಟೇ ಹುಳಿ ಬರುವಂತೆ ನಿಧಾನವಾಗಿ ಆಮ್ಲ ಬೆರೆಸಿದರೂ ಅದು ಗಟ್ಟಿಯಾಗುವುದಿಲ್ಲ. ಅದನ್ನೇ ಅಲುಗಿಸದೆ ಬೆಚ್ಚಗೆ ಮಾಡಿ, ಹೆಪ್ಪುಗಟ್ಟುತ್ತದೆ! ಕೇಸೀನಿನಲ್ಲಿ ನೀರಿನಿಂದ ದೂರವಿರಲು ಬಯಸುವ ಭಾಗಗಳಿವೆ. ಬೆಚ್ಚಗಿದ್ದಾಗ ಅವು ಒಂದನ್ನೊಂದು ಹೆಚ್ಚು ಬಿಗಿಯಾಗಿ ಹಿಡಿಯುತ್ತವೆ.

ಹಾಗೆಂದು ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಬ್ಯಾಕ್ಟೀರಿಯಾಗಳು ಸತ್ತೇ ಹೋಗುತ್ತವೆ. ಅವು ತಾಳುವಷ್ಟೇ ಬಿಸಿಯಾದರೂ, ಬಿಸುಪು ಹೆಚ್ಚಾದಷ್ಟೂ ಬಲೆ ಅವಸರದಲ್ಲಿ ಹೆಣೆದುಕೊಂಡು ಕಣ್ಣುಗಳು ದೊಡ್ಡವಾಗುತ್ತವೆ, ನೀರು ಸೋರುತ್ತದೆ. ಚಮಚದಿಂದ ತೆಗೆದ ಗುಳಿಯಲ್ಲಿ ಬೇಗನೆ ತಿಳಿನೀರು ತುಂಬಿದರೆ ಹೀಗಾಗಿರಬಹುದು. ಹೆಪ್ಪುಗಟ್ಟುವಾಗ ಪಾತ್ರೆ ಅಲುಗಾಡಿದರೂ ಬಲೆ ಹರಿದು ಹಾಗೆಯೇ ನೀರೊಡೆಯುತ್ತದೆ.

ಮನೆಯಲ್ಲಿ ಮಾಡುವುದಾದರೆ ದೊಡ್ಡವರಿಂದ ಅರ್ಧ ಲೀಟರ್ ಹಾಲು ಕಾಯಿಸಿಕೊಳ್ಳಿ. ಕಾಯಿಸಿದಾಗ ಹಾಲಿನ ಇನ್ನೊಂದು ಬಗೆಯ ಪ್ರೋಟೀನು ಬಿಚ್ಚಿಕೊಂಡು ಕೇಸೀನ್ ಉಂಡೆಗಳಿಗೆ ಅಂಟುತ್ತದೆ, ಬಲೆ ಇನ್ನೂ ಗಟ್ಟಿಯಾಗುತ್ತದೆ. ಹಾಲು ಉಗುರುಬೆಚ್ಚಗಾದಾಗ ಒಂದು ಚಮಚ ಹೆಪ್ಪು ಕಲಸಿ, ಮುಚ್ಚಿಡಿ. ಚಳಿಗಾಲವಾದರೆ ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ. ಗಟ್ಟಿಯಾದ ಕೂಡಲೇ ಫ್ರಿಜ್ಜಿನಲ್ಲಿಡಿ: ಬ್ಯಾಕ್ಟೀರಿಯಾಗಳು ಮಂದವಾಗಿ, ಹುಳಿ ಏರುವುದು ತಗ್ಗುತ್ತದೆ; ಒಮ್ಮೆ ಕಟ್ಟಿದ ಬಲೆ ಮಾತ್ರ ತಂಪಿನಲ್ಲಿ ಸಡಿಲವಾಗದೆ ಇನ್ನಷ್ಟು ಗಟ್ಟಿಯಾಗುತ್ತದೆ.