ಅವರ ಬೆಳಗು, ನಮ್ಮ ಸಂಜೆ: ಹೊರದೇಶದ ತಂಡದೊಂದಿಗೆ ಮನೆಯಿಂದ ಕೆಲಸ



ಅಣ್ಣಾ ನಗರದ ನಮ್ಮ ಮನೆಯಿಂದಲೇ ನಾನು ನ್ಯೂಯಾರ್ಕಿನ ಒಂದು ತಂಡಕ್ಕಾಗಿ ಸಾಫ್ಟ್‌ವೇರ್ ಬಳಕೆದಾರರ ಕೈಪಿಡಿ ಬರೆಯುತ್ತೇನೆ. ನಮ್ಮ ಬಳಗದಲ್ಲಿ ಕೆಲವರು ಇಂಥ ಕೆಲಸಕ್ಕೆ ಸೇರುವ ಯೋಚನೆಯಲ್ಲಿದ್ದಾರೆ. "ರಾತ್ರಿಯೆಲ್ಲ ಎದ್ದಿರಬೇಕಾ?" ಎಂಬುದೇ ಅವರ ಮೊದಲ ಪ್ರಶ್ನೆ. ಬೇಕಿಲ್ಲ. ಆದರೆ ಎರಡು ವಿಷಯಗಳನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು: ಗಡಿಯಾರ ಮತ್ತು ಬರವಣಿಗೆ.

ಮೊದಲು ಗಡಿಯಾರ. ನಮ್ಮ ಸಮಯ ವರ್ಷವಿಡೀ ಒಂದೇ. ಅಮೆರಿಕದ ಬಹುಭಾಗದಲ್ಲಿ ಹಾಗಲ್ಲ. ಮಾರ್ಚ್ ತಿಂಗಳ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ಇಡುತ್ತಾರೆ. ಹಾಗಾಗಿ ನ್ಯೂಯಾರ್ಕಿನಲ್ಲಿ ಬೆಳಗ್ಗೆ 9 ಆದಾಗ ನಮಗೆ ಬೇಸಿಗೆಯಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ಲಂಡನ್ ಕೂಡ ಗಡಿಯಾರ ಬದಲಿಸುತ್ತದೆ, ಆದರೆ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರಗಳಂದು. 2026ರಲ್ಲಿ ನ್ಯೂಯಾರ್ಕ್ ಬದಲಿಸುವುದು ಮಾರ್ಚ್ 8ಕ್ಕೆ, ಲಂಡನ್ 29ಕ್ಕೆ. ನಡುವಿನ ಮೂರು ವಾರ ಈ ಎರಡು ಊರುಗಳ ಲೆಕ್ಕ ಎಂದಿನಂತೆ ಇರುವುದಿಲ್ಲ. ಮೂರೂ ಕಡೆಯವರು ಸೇರುವ ಮೀಟಿಂಗ್‌ಗೆ ಯಾರಾದರೂ ತಪ್ಪಿ ಹೋಗುವುದು ಆಗಲೇ.

ಕ್ಯಾಲೆಂಡರಿನಲ್ಲಿ ಪ್ರತಿವಾರದ ಮೀಟಿಂಗ್ ಹಾಕುವಾಗ ಒಂದು ಊರಿನ ಸಮಯವನ್ನು ಆಧಾರವಾಗಿ ಆರಿಸಬಹುದು. `America/New_York` ಎಂದಿದ್ದರೆ ನವೆಂಬರ್‌ನಲ್ಲಿ ಸರಿಯುವುದು ನಮ್ಮ ಸಂಜೆ. `Asia/Kolkata` ಎಂದಿದ್ದರೆ ಸರಿಯುವುದು ಅವರ ಬೆಳಗು. ಸಂಜೆ 7.30ಕ್ಕೆ ಶುರುವಾದ ಒಂದು ಗಂಟೆಯ ಮೀಟಿಂಗ್ ಮುಗಿಯುವುದು 8.30ಕ್ಕೆ. ಮಕ್ಕಳ ಊಟ, ಅತ್ತೆಯವರ ಔಷಧಿ ಎಲ್ಲ ಆ ಹೊತ್ತಿಗೇ. ಆದ್ದರಿಂದ ಕೆಲಸಕ್ಕೆ ಒಪ್ಪುವ ಮೊದಲೇ "ಈ ಮೀಟಿಂಗ್ ಯಾವ ಊರಿನ ಗಡಿಯಾರಕ್ಕೆ ಕಟ್ಟಿದ್ದು?" ಎಂದು ಕೇಳಿಬಿಡಿ.

ಎರಡನೆಯದು ಬರವಣಿಗೆ. ಒಂದು ಉದಾಹರಣೆ ಹೇಳುತ್ತೇನೆ. ಚಳಿಗಾಲದ ಒಂದು ವಾರ, 12 ಭಾಗಗಳ ಕೈಪಿಡಿಯನ್ನು ಶುಕ್ರವಾರಕ್ಕೆ ಕೊಡಬೇಕು. ನಾಲ್ಕನೇ ಭಾಗದಲ್ಲಿ ಒಂದು ಸಂದೇಹ: ಗ್ರಾಹಕರು ಹಣ ವಾಪಸ್ ಕೇಳಿದರೆ ಅದು ಅವರ ಕಾರ್ಡಿಗೆ ಹೋಗುತ್ತದೋ, ಆಪ್‌ನ ವಾಲೆಟ್ಟಿಗೋ? ಮಂಗಳವಾರ ಮಧ್ಯಾಹ್ನ 3ಕ್ಕೆ ಸ್ಲ್ಯಾಕ್‌ನಲ್ಲಿ "ಒಂದು ಸಂದೇಹ ಇದೆ, ಕೇಳಬಹುದಾ?" ಎಂದಷ್ಟೇ ಹಾಕಿದರೆ ಏನಾಗುತ್ತದೆ ನೋಡಿ. ಅಲ್ಲಿ ಆಗ ಬೆಳಗಿನ ಜಾವ 4.30. ಅವರು 9ಕ್ಕೆ ಬಂದು "ಖಂಡಿತ, ಕೇಳಿ" ಎನ್ನುವಾಗ ನಾನು ಕಂಪ್ಯೂಟರ್ ಮುಚ್ಚಿ ಅಡುಗೆಮನೆಯಲ್ಲಿರುತ್ತೇನೆ. ಬುಧವಾರ ಪ್ರಶ್ನೆ ಕೇಳಿದರೆ ಉತ್ತರ ಓದುವುದು ಗುರುವಾರ ಬೆಳಗ್ಗೆ. ಒಂದು ಸಾಲಿನ ಉತ್ತರಕ್ಕೆ ಎರಡು ದಿನ ಹೋಯಿತು.

ಹಾಗಾಗಿ ಪ್ರಶ್ನೆಯನ್ನು ಒಂದೇ ಸಲಕ್ಕೆ ಪೂರ್ತಿ ಬರೆಯಬೇಕು. ನಾನು ಆ ಪರದೆಯ ಚಿತ್ರ ಹಾಕಿ, ಎರಡು ಅರ್ಥಗಳನ್ನೂ ಹೇಳಿ, ಕೊನೆಗೆ ಹೀಗೆ ಬರೆಯುತ್ತೇನೆ: "ಉತ್ತರ ಬರುವವರೆಗೆ ಕಾರ್ಡಿಗೆ ವಾಪಸ್ ಎಂದು ಇಟ್ಟುಕೊಂಡು ಮುಂದುವರಿಯುತ್ತೇನೆ. ಅದು ಸರಿಯಲ್ಲದಿದ್ದರೆ ನಾಲ್ಕನೇ ಭಾಗ ಮಾತ್ರ ಬದಲಾಗುತ್ತದೆ." ಬುಧವಾರ ಬೆಳಗ್ಗೆ ಕಾಫಿ ಕುಡಿಯುವಾಗಲೇ ಉತ್ತರ ಸಿಗುತ್ತದೆ, ಅದು ಬರದಿದ್ದರೂ ಕೆಲಸ ನಿಲ್ಲುವುದಿಲ್ಲ. ಆದರೆ ಇದಕ್ಕೊಂದು ಮಿತಿ ಇದೆ. ಗ್ರಾಹಕರ ಕಣ್ಣಿಗೆ ನೇರ ಬೀಳುವಂಥದ್ದು, ಬೆಲೆ, ಅಳಿಸಿದರೆ ಮರಳಿ ಬಾರದ ಮಾಹಿತಿ, ಇವುಗಳಲ್ಲಿ ಊಹೆಯ ಮೇಲೆ ಮುಂದುವರಿಯಬಾರದು. ಕಾಯಲೇಬೇಕು.

ಗಡುವನ್ನೂ ಬಿಡಿಸಿ ಬರೆಸಿಕೊಳ್ಳಿ. "ಶುಕ್ರವಾರ ದಿನದ ಕೊನೆಗೆ" ಎಂದರೆ ಚಳಿಗಾಲದಲ್ಲಿ ಅವರ ಸಂಜೆ 5, ಅಂದರೆ ನಮಗೆ ಶನಿವಾರ ಬೆಳಗಿನ ಜಾವ 3.30. ಅಲ್ಲಿಯವರೆಗೆ ಸಮಯವಿದೆ ಎಂದು ಹಿಗ್ಗುವುದು ಬೇಡ. ಶುಕ್ರವಾರ ಸಂಜೆ 6ಕ್ಕೆ ಕಳಿಸಿದರೆ ಅವರು ಕಚೇರಿಗೆ ಬರುವ ಹೊತ್ತಿಗೆ ಕೈಯಲ್ಲಿರುತ್ತದೆ, ಓದಲು ಅವರಿಗೆ ಒಂದು ಇಡೀ ದಿನ ಸಿಗುತ್ತದೆ. ಅದಕ್ಕೂ ಮೊದಲು, ಮಂಗಳವಾರವೇ ಮೊದಲ ಮೂರು ಭಾಗ ಕಳಿಸುತ್ತೇನೆ. ಶೈಲಿ ಹಿಡಿಸದಿದ್ದರೆ ತಿದ್ದಬೇಕಾದ್ದು ಮೂರು ಭಾಗ, ಹನ್ನೆರಡಲ್ಲ. ನಿರ್ವಹಣೆಗೆಂದು ಕರೆಂಟ್ ತೆಗೆಯುವ ದಿನ ನಮ್ಮ ಕಡೆ ಮೊದಲೇ ಪತ್ರಿಕೆಯಲ್ಲಿ ಬರುತ್ತದಲ್ಲ, ಅದನ್ನೂ ವಾರದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತೇನೆ.

ದಿನ ಮುಗಿಸುವಾಗ ತಂಡದ ಪುಟದಲ್ಲಿ ಮೂರು ಸಾಲು: ಏನು ಮುಗಿಯಿತು, ಏನು ಯಾರಿಂದ ಬರಬೇಕು, ನಾಳೆ ಏನು. ನಾವು ಮಲಗಿರುವಾಗ ನಮ್ಮ ಪರವಾಗಿ ಮಾತಾಡುವುದು ಆ ಮೂರು ಸಾಲು ಮಾತ್ರ. ಅದು ಸ್ಪಷ್ಟವಾಗಿದ್ದರೆ ರಾತ್ರಿ ಹತ್ತಕ್ಕೆ ಫೋನ್ ಬರುವುದು ತಾನಾಗಿ ಕಡಿಮೆಯಾಗುತ್ತದೆ.

ಪ್ರಶ್ನೆಗಳಿದ್ದರೆ ಕೇಳಿ, ಪೂರ್ತಿಯಾಗಿ ಒಂದೇ ಸಲ!