ಮದುವೆ ಫೋಟೋದಲ್ಲಿ ಏನನ್ನು ಅಳಿಸಬಹುದು, ಏನನ್ನು ಅಳಿಸಿದರೆ ಸಿಕ್ಕಿಬೀಳ್ತೀವಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನಾನು ತುಮಕೂರಿನಲ್ಲಿ ಮದುವೆ ಫೋಟೋ ತೆಗೆಯೋನು. ಹೋದ ತಿಂಗಳು ಹುಡುಗಿ ತಂದೆಯೊಬ್ಬರು ಆಲ್ಬಂಗೆ ಆರಿಸಿದ ಫೋಟೋಗಳ ಜೊತೆ ಒಂದು ಪಟ್ಟಿ ಕಳಿಸಿದ್ರು. ಈ ಫೋಟೋದಲ್ಲಿ ಇದನ್ನ ತೆಗೀರಿ, ಆ ಫೋಟೋದಲ್ಲಿ ಅದನ್ನ ತೆಗೀರಿ ಅಂತ 23 ಸಾಲು. ಕೊನೆಗೆ ಒಂದು ಮಾತು ಸೇರಿಸಿದ್ರು: ‘ನನ್ನ ಮಗ ಇದನ್ನೆಲ್ಲ ಫೋನಲ್ಲೇ ಒಂದು ನಿಮಿಷದಲ್ಲಿ ಮಾಡ್ತಾನೆ.’ ಅವರ ಮಗ ಮಾಡೋದು ಸುಳ್ಳಲ್ಲ. ಆದ್ರೆ ಫೋನಿನ ಪರದೆ ಬೇರೆ, 36 ಇಂಚು ಅಗಲದ ಆಲ್ಬಂ ಹಾಳೆ ಬೇರೆ. ಆ ದಿನ ರಾತ್ರಿ ಕೂತು ಅವರಿಗೊಂದು ಉತ್ತರ ಬರೆದೆ. ಅದರ ಮುಖ್ಯ ಭಾಗವನ್ನೇ ಇವತ್ತು ಓದ್ತೀನಿ, ನಡುನಡುವೆ ಒಂದೆರಡು ಮಾತು ಸೇರಿಸ್ತೀನಿ.

ಸರ್, ನಿಮ್ಮ ಪಟ್ಟಿಯಲ್ಲಿ ಹೆಚ್ಚಿನವು ಆಗುತ್ತವೆ. ಒಂದು ವಸ್ತುವನ್ನ ಅಳಿಸೋದು ಅಂದ್ರೆ ಅದರ ಹಿಂದೆ ಏನಿತ್ತೋ ಅದನ್ನ ನಾವು ಮತ್ತೆ ಕಟ್ಟಬೇಕು. ಕ್ಯಾಮೆರಾಗೆ ಹಿಂದಿನದು ಕಂಡೇ ಇಲ್ಲ. ಹಾಗಾಗಿ ವಸ್ತು ಎಷ್ಟು ದೊಡ್ಡದು ಅನ್ನೋದಕ್ಕಿಂತ ಅದರ ಹಿಂದೆ ಏನಿದೆ, ಅದಕ್ಕೆ ಏನು ತಾಗಿಕೊಂಡಿದೆ ಅನ್ನೋದೇ ನನಗೆ ಮುಖ್ಯ.

ಧಾರೆಯ ಫೋಟೋ ತಗೊಳ್ಳಿ. ಹಿಂದಿನ ಕಂಬದ ಮೇಲೆ ಬೆಂಕಿ ಆರಿಸೋ ಕೆಂಪು ಸಿಲಿಂಡರ್ ಇದೆ. ಅದು ದೂರದಲ್ಲಿ ಮಸುಕಾಗಿದೆ, ಸುತ್ತ ಬಣ್ಣ ಬಳಿದ ಗೋಡೆ. ಅದನ್ನ ಹತ್ತು ನಿಮಿಷದಲ್ಲಿ ತೆಗೀಬಹುದು, ಯಾರಿಗೂ ಗೊತ್ತಾಗಲ್ಲ. ಚೆಂಡು ಹೂವಿನ ಹಾರಗಳ ಮೇಲೆ ಹಾದುಹೋದ ಲೈಟಿನ ವೈರೂ ಹಾಗೇ. ಹೂವು ಒಂದರ ಹಾಗೆ ಇನ್ನೊಂದು ಇರಲ್ಲ, ಅದಕ್ಕೇ ಅಲ್ಲಿ ಚೂರು ತೇಪೆ ಹಾಕಿದ್ರೂ ಕಣ್ಣು ಒಪ್ಪಿಕೊಳ್ಳುತ್ತೆ. ಒಂದೇ ಹೂವನ್ನ ಪಕ್ಕಪಕ್ಕದಲ್ಲೇ ಎರಡು ಸಲ ಅಂಟಿಸಬಾರದು ಅಷ್ಟೇ.

ಕೆಂಪು ಕಾರ್ಪೆಟ್ ಮೇಲಿರೋ ನೀರಿನ ಬಾಟಲಿ ತೆಗೀಬಹುದು. ಆದ್ರೆ ಬಾಟಲಿ ಜೊತೆ ಅದರ ನೆರಳನ್ನೂ ತೆಗೀಬೇಕು. ಫೋನಲ್ಲಿ ಅಳಿಸಿದವರು ಸಾಮಾನ್ಯವಾಗಿ ಮರೆಯೋದು ಇದನ್ನೇ: ಬಾಟಲಿ ಇರಲ್ಲ, ನೆರಳು ಉಳಿದಿರುತ್ತೆ.

ಹಸಿರು ದೀಪದ ಎಕ್ಸಿಟ್ ಬೋರ್ಡಿಗೂ ಇದೇ ತೊಂದರೆ, ಇನ್ನೊಂದು ರೂಪದಲ್ಲಿ. ಬೋರ್ಡು ಹೋಗುತ್ತೆ, ಆದ್ರೆ ಅದರ ಹಸಿರು ಬೆಳಕು ಹುಡುಗನ ಬಿಳಿ ಪೇಟದ ಒಂದು ಪಕ್ಕ ಬಿದ್ದಿದೆ. ಬೋರ್ಡು ತೆಗೆದ ಮೇಲೆ ಪೇಟ ಯಾಕೆ ಹಸಿರಾಗಿದೆ ಅಂತ ನೋಡಿದವರಿಗೆ ಏನೋ ಸರಿಯಿಲ್ಲ ಅನಿಸುತ್ತೆ. ಅದಕ್ಕೆ ಆ ಪಕ್ಕದ ಬಣ್ಣವನ್ನೂ ಬೇರೆಯಾಗಿ ಸರಿಮಾಡ್ತೀನಿ. ಇದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತೆ, ಆದ್ರೆ ಆಗೋ ಕೆಲಸ.

ಇನ್ನು ಆಗದ್ದು. ಕಲಶದ ಹಿತ್ತಾಳೆ ಚೊಂಬಿನಲ್ಲಿ ನಾನೇ, ನನ್ನ ಫ್ಲ್ಯಾಶ್ ಸಮೇತ, ಕಾಣಿಸ್ತಿದ್ದೀನಿ, ತೆಗೀರಿ ಅಂದಿದ್ದೀರಿ. ಅದನ್ನ ಪೂರ್ತಿ ಒರೆಸಿದ್ರೆ ಚೊಂಬು ಪ್ಲಾಸ್ಟಿಕ್ ಹಾಗೆ ಕಾಣುತ್ತೆ, ಯಾಕಂದ್ರೆ ಹಿತ್ತಾಳೆಯ ಹೊಳಪು ಅಂದ್ರೆ ಸುತ್ತಲಿನ ಪ್ರತಿಬಿಂಬವೇ. ನನ್ನ ಆಕಾರ ಗುರುತು ಸಿಗದಷ್ಟು ಮಂಕು ಮಾಡ್ತೀನಿ, ಹೊಳಪು ಉಳಿಸ್ತೀನಿ.

ಬೀಗರ ಕನ್ನಡಕದ ಮೇಲಿನ ಬೆಳಕಿನ ಚೌಕ ಇನ್ನೊಂದು. ಅದರ ಕೆಳಗೆ ಕಣ್ಣು ಅರೆಬರೆ ಕಂಡರೆ ಬೆಳಕನ್ನ ಇಳಿಸಬಹುದು. ಪೂರ್ತಿ ಬೆಳ್ಳಗಾಗಿದ್ರೆ ಅಲ್ಲಿ ಇಳಿಸೋಕೆ ಏನೂ ಇಲ್ಲ. ನಿಮ್ಮ ಫೋಟೋದಲ್ಲಿ ಎಡಗಣ್ಣು ಕಾಣುತ್ತೆ, ಬಲಗಣ್ಣು ಕಾಣಲ್ಲ. ಅದೇ ಹೊತ್ತಿಗೆ ತೆಗೆದ ಮುಂದಿನ ಫೋಟೋದಲ್ಲಿ ತಲೆ ಅಲ್ಲಾಡಿಲ್ಲ, ಬೆಳಕು ಅದೇ. ಅಲ್ಲಿಂದ ಕಣ್ಣು ತರ್ತೀನಿ. ಅದು ಅವರದೇ ಕಣ್ಣು.

ತೆಂಗಿನಕಾಯಿ ಹಿಡಿದ ಕೈಗಳ ಎದುರಿಗೆ ಯಾರೋ ಮೊಬೈಲ್ ಎತ್ತಿದ್ದಾರಲ್ಲ, ಅದನ್ನ ಬಿಟ್ಟುಬಿಡಿ ಸರ್. ಆ ಮೊಬೈಲ್ ಹಿಂದೆ ಮೂರು ಬೆರಳು, ಬಳೆ, ಸೀರೆಯ ಜರಿ ಅಂಚು ಇದೆ. ಜರಿ ಅಂಚು ಅಂದ್ರೆ ಲೆಕ್ಕದ ಪ್ರಕಾರ ತಿರುಗಿ ಬರೋ ವಿನ್ಯಾಸ, ಮಡಿಕೆ ಬಿದ್ದಲ್ಲಿ ಬಾಗುತ್ತೆ. ಊಹಿಸಿ ಬರೆದ್ರೆ ಒಂದು ಕಡೆ ಎಳೆ ಕೂಡಿಕೊಳ್ಳಲ್ಲ, ಬೆರಳು ಕಡ್ಡಿಯಾಗುತ್ತೆ. ಆ ಫೋಟೋವನ್ನ ಮೇಲಿಂದ ಕತ್ತರಿಸಿ ಮುಖಗಳಷ್ಟೇ ಹಾಕೋಣ.

ಇಷ್ಟು ಓದಿದ ಮೇಲೆ ನಿಮಗೊಂದು ವಿಷಯ ಹೇಳಬೇಕು. ಇದೆಲ್ಲ ಫೋನಲ್ಲಿ ಯಾಕೆ ಗೊತ್ತಾಗಲ್ಲ? ನನ್ನ ಕ್ಯಾಮೆರಾದ ಫೋಟೋ 6000 ಪಿಕ್ಸೆಲ್ ಅಗಲ. 36 ಇಂಚಿಗೆ ಹರಡಿದ್ರೆ ಇಂಚಿಗೆ ಸುಮಾರು 167 ಪಿಕ್ಸೆಲ್ ಬರುತ್ತೆ, ಅಂದ್ರೆ ಇದ್ದಬದ್ದ ಪಿಕ್ಸೆಲ್ ಎಲ್ಲಾ ಕಾಣುತ್ತೆ. ಫೋನಿನ ಪರದೆಯಲ್ಲಿ ಅದೇ ಫೋಟೋ ಕುಗ್ಗಿ ಕೂತಿರುತ್ತೆ, ತಪ್ಪೂ ಕುಗ್ಗಿರುತ್ತೆ. ಇನ್ನೊಂದು, ಛತ್ರದ ಕಡಿಮೆ ಬೆಳಕಲ್ಲಿ ತೆಗೆದ ಫೋಟೋದಲ್ಲಿ ಸಣ್ಣ ಮರಳಿನಂಥ ಕಾಳು ಇರುತ್ತೆ. ಫೋನಲ್ಲಿ ಅಳಿಸಿದ ಜಾಗ ಎಷ್ಟೋ ಸಲ ನುಣ್ಣಗಾಗುತ್ತೆ. ಹಾಳೆಯನ್ನ ಕೈಯಲ್ಲಿ ಹಿಡಿದು ನೋಡಿ, ಆ ನುಣುಪು ಮಚ್ಚೆ ಎದ್ದು ಕಾಣುತ್ತೆ. ನಾನು ತೇಪೆ ಹಾಕಿದ ಮೇಲೆ ಅದೇ ಅಳತೆಯ ಕಾಳನ್ನ ಮತ್ತೆ ಸೇರಿಸ್ತೀನಿ, ಪ್ರಿಂಟಿಗೆ ಕೊಡೋ ಮುಂಚೆ ಒಂದು ತುಂಡನ್ನ ಪೂರ್ತಿ ಅಳತೆಯಲ್ಲಿ ಮುದ್ರಿಸಿ ನೋಡ್ತೀನಿ.

ಈಗ ಪತ್ರದ ಕೊನೆ ಭಾಗ. ಇದೇ ಬರೆಯೋಕೆ ಕಷ್ಟವಾಗಿದ್ದು.

ಸರ್, ಪಟ್ಟಿಯ 17ನೇ ಸಾಲು. ಧಾರೆ ಎರೆಯುವಾಗ ನಿಮ್ಮ ತಾಯಿ ಅಕ್ಷತೆ ಹಿಡಿದು ನಿಂತಿದ್ದಾರೆ, ವಿಡಿಯೋದವರ ತೋಳು ಅವರ ಮುಖದ ಅರ್ಧಕ್ಕೆ ಅಡ್ಡ ಬಂದಿದೆ. ಆ ತೋಳು ತೆಗೆದು ಮುಖ ಪೂರ್ತಿ ಮಾಡಿ, ಮದುವೆಯಾದ ಎರಡೇ ತಿಂಗಳಿಗೆ ಅವರು ಹೋದರು, ಧಾರೆಯ ಹೊತ್ತಿನ ಅವರ ಫೋಟೋ ಬೇರೆ ಇಲ್ಲ ಅಂತ ಬರೆದಿದ್ದೀರಿ.

ಕಾಣೋ ಅರ್ಧವನ್ನ ಕನ್ನಡಿಯ ಹಾಗೆ ತಿರುಗಿಸಿ ಅಂಟಿಸಬಹುದು, ಕೆಲವರು ಹಾಗೇ ಮಾಡ್ತಾರೆ. ಮೊನ್ನೆ ಮಾಡಿಯೂ ನೋಡಿದೆ. ಅಮ್ಮನಿಗೆ ಮೂಗುತಿ ಎರಡೂ ಕಡೆ ಬಂತು. ಅದನ್ನ ಅಳಿಸಿದೆ. ಆಮೇಲೆ ನೋಡಿದ್ರೆ ಬಾಯಿ ಎರಡೂ ಕಡೆ ಒಂದೇ ಥರ ಮೇಲೆದ್ದಿತ್ತು. ಅವರು ನಗುವಾಗ ಒಂದು ಪಕ್ಕ ಹೆಚ್ಚು ಏಳುತ್ತೆ, ನನ್ನ ಬೇರೆ ಫೋಟೋಗಳಲ್ಲೆಲ್ಲ ಹಾಗೇ ಇದೆ. ನಾನು ಮಾಡಿದ್ದು ಮುದುಕಿಯೊಬ್ಬರ ಮುಖ, ನಿಮ್ಮ ತಾಯಿಯದ್ದಲ್ಲ. ಬೇರೆಯವರು ಗಮನಿಸದೇ ಇರಬಹುದು, ನೀವು ಗಮನಿಸ್ತೀರಿ.

ಅದಕ್ಕಿಂತ ಎರಡು ಸೆಕೆಂಡ್ ಹಿಂದಿನ ಫೋಟೋದಲ್ಲಿ ಅವರ ಮುಖ ಪೂರ್ತಿ ಇದೆ. ಆದ್ರೆ ಅವರು ಪುರೋಹಿತರ ಕಡೆ ತಿರುಗಿದ್ದಾರೆ, ಕೈಯಲ್ಲಿ ಅಕ್ಷತೆ ಇನ್ನೂ ಮುಷ್ಟಿಯಲ್ಲಿದೆ, ನಿಮ್ಮ ಮಗಳು ಕಣ್ಣು ಮುಚ್ಚಿದ್ದಾಳೆ. ಆ ತಲೆಯನ್ನ ಈ ಮೈಗೆ ಕೂರಿಸಿದ್ರೆ ಕತ್ತಿನ ಹತ್ತಿರ ಸೆರಗಿನ ಗೆರೆ ಸೇರಲ್ಲ. ಅದನ್ನ ಸೇರಿಸೋ ಬದಲು ಎರಡೂ ಫೋಟೋಗಳನ್ನ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಹಾಕೋಣ ಅಂತ ನನ್ನ ಸಲಹೆ. ಎಡಕ್ಕೆ ಅವರ ಮುಖ, ಬಲಕ್ಕೆ ಧಾರೆ. ತೋಳು ಇದ್ದಲ್ಲೇ ಇರಲಿ, ಅದರ ಬೆಳಕು ಮಾತ್ರ ಇಳಿಸ್ತೀನಿ, ಕಣ್ಣು ಅತ್ತ ಹೋಗದ ಹಾಗೆ. ಮೂಲ ಫೈಲುಗಳನ್ನ ನಿಮಗೆ ಪೆನ್‌ಡ್ರೈವ್‌ನಲ್ಲಿ ಕೊಡ್ತೀನಿ, ಅವನ್ನ ವಾಟ್ಸಾಪ್‌ನಲ್ಲಿ ಕಳಿಸೋದು ಬೇಡ, ಅದು ಕುಗ್ಗಿಸಿಬಿಡುತ್ತೆ.

ಪತ್ರ ಅಲ್ಲಿಗೆ ಮುಗೀತು. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಫೋನ್ ಮಾಡಿ, ಚೊಂಬಿನಲ್ಲಿ ನೀವು ಕಾಣಿಸಿದ್ರೂ ಪರವಾಗಿಲ್ಲ ಬಿಡಿ, ಅಂದ್ರು. ಆಮೇಲೆ ಸ್ವಲ್ಪ ಸುಮ್ಮನಿದ್ದು, ಅಮ್ಮ ತಿರುಗಿ ನೋಡ್ತಿರೋ ಫೋಟೋವನ್ನ ಸ್ವಲ್ಪ ದೊಡ್ಡದಾಗಿ ಹಾಕಿ ಅಂದ್ರು. ಹಾಳೆ ಮುಂದಿನ ವಾರ ಪ್ರಿಂಟಿಗೆ ಹೋಗುತ್ತೆ.